ಅಣ್ಣ ಕೊಟ್ಟ ಜಾಕೆಟ್ ಚಿಕ್ಕದಾಗಿದೆ: ತೋಳು ಮತ್ತು ಭುಜವನ್ನು ಬಿಚ್ಚಿ ಸರಿಮಾಡಲು ಬರುತ್ತದೆಯೇ?

ನೀಲಿನೂಲು

ಇಲ್ಲಿ ಹೊಲಿಗೆಯನ್ನೇ ವೃತ್ತಿ ಮಾಡಿಕೊಂಡವರು ಇದ್ದೀರೆಂದು ಗೊತ್ತಿರುವುದರಿಂದ ಕೇಳುತ್ತಿದ್ದೇನೆ. ನನ್ನ ಅಣ್ಣ ಕಡುನೀಲಿ ಉಣ್ಣೆಯ ಜಾಕೆಟ್ ಒಂದನ್ನು ಉಡುಗೊರೆಯಾಗಿ ತಂದುಕೊಟ್ಟಿದ್ದಾನೆ. ಮುಂದೆ ಎರಡು ಗುಂಡಿ, ಮಡಚಿದ ಕಾಲರ್, ಒಳಗೆ ಪೂರ್ತಿ ಲೈನಿಂಗ್ ಇರುವಂಥದ್ದು. ನನ್ನ ಅಳತೆಯನ್ನು ಅಂದಾಜಿನ ಮೇಲೆ ಹೇಳಿ ತಂದದ್ದರಿಂದ ಒಂದು ಸೈಜು ಚಿಕ್ಕದಾಗಿದೆ, ಬದಲಾಯಿಸಿಕೊಳ್ಳುವ ಅವಧಿಯೂ ಮುಗಿದಿದೆ. ಹೊಟ್ಟೆಯ ಭಾಗದಲ್ಲಿ ಗುಂಡಿ ಸರಾಗವಾಗಿ ಬೀಳುತ್ತದೆ. ತೊಂದರೆ ಇರುವುದು ತೋಳು ಮತ್ತು ಭುಜದಲ್ಲಿ ಮಾತ್ರ. ತೋಳಿನ ಅಂಚು ಮಣಿಕಟ್ಟಿಗಿಂತ ಸುಮಾರು ಒಂದು ಇಂಚು ಮೇಲೆಯೇ ನಿಲ್ಲುತ್ತದೆ, ಭುಜದಲ್ಲಿ ಹಿಡಿದಂತಾಗುತ್ತದೆ, ಕೈ ಮುಂದೆ ಚಾಚಿದರೆ ಬೆನ್ನು ಬಿಗಿಯುತ್ತದೆ.

ನನಗೆ ಸರಿಯಾಗಿ ಕೂರುವ ಹಳೆಯ ಕೋಟನ್ನು ಹಾಸಿ ಅಳೆದಾಗ, ಬೆನ್ನಿನ ಮೇಲೆ ಒಂದು ಭುಜದ ಹೊಲಿಗೆಯಿಂದ ಇನ್ನೊಂದು ಭುಜದ ಹೊಲಿಗೆಯವರೆಗೆ 18 ಇಂಚು ಬಂದಿತು. ಈ ಜಾಕೆಟ್ಟಿನಲ್ಲಿ ಅದು 17 ಇಂಚು ಮಾತ್ರ. ಹೊಲಿಗೆ ಬಿಚ್ಚಿ ಇಷ್ಟನ್ನು ಬಿಡಿಸಲು ಸಾಧ್ಯವೇ? ಅಣ್ಣ ಇಷ್ಟಪಟ್ಟು ತಂದದ್ದನ್ನು ಪೆಟ್ಟಿಗೆಯಲ್ಲಿ ಇಡಲು ನನಗೆ ಮನಸ್ಸಿಲ್ಲ. ಆದರೆ ಸರಿಮಾಡಲು ಹೋಗಿ ಕೆಡಿಸಿಕೊಳ್ಳಲೂ ಭಯವಾಗುತ್ತಿದೆ.

ದೊಡ್ಡಂಗಿ

ನೀವು ಚಿಂತೆ ಮಾಡುವ ಅಗತ್ಯವಿಲ್ಲ. ನನ್ನ ಜಾಕೆಟ್ಟಿನ ಭುಜ ಹೊರಗೆ ಇಳಿಬಿದ್ದಿತ್ತು. ನಮ್ಮ ಟೈಲರ್ ಎರಡೂ ತೋಳುಗಳನ್ನು ಬಿಚ್ಚಿ, ಎರಡೂ ಕಡೆ ಮುಕ್ಕಾಲು ಇಂಚಿನಷ್ಟು ಒಳಗೆ ತಂದು ಮತ್ತೆ ಕೂರಿಸಿಕೊಟ್ಟರು. ಈಗ ಹೊಲಿಸಿದ ಹಾಗೆಯೇ ಕೂರುತ್ತದೆ. ಭುಜವನ್ನು ಮುಟ್ಟಲೇಬಾರದು ಎನ್ನುವ ಮಾತು ಸುಳ್ಳು, ಕೈ ಪಳಗಿದವರ ಬಳಿ ಕೊಡಿ.

ಹಳೆಕತ್ತರಿ

ದೊಡ್ಡಂಗಿಯವರೇ, ನಿಮ್ಮ ಜಾಕೆಟ್ ದೊಡ್ಡದಾಗಿತ್ತು, ಇವರದು ಚಿಕ್ಕದಾಗಿದೆ. ಕೆಲಸ ಒಂದೇ ರೀತಿ ಕಂಡರೂ ಎರಡೂ ಬೇರೆ. ಇರುವ ಬಟ್ಟೆಯನ್ನು ಕತ್ತರಿಸಿ ಒಳಗೆ ತರುವುದಕ್ಕೆ ಕೈಚಳಕ ಸಾಕು, ಹೊರಗೆ ತರುವುದಕ್ಕೆ ಒಳಗೆ ಬಟ್ಟೆ ಇರಬೇಕು. ನಾನು 31 ವರ್ಷಗಳಿಂದ ಕೋಟು ಹೊಲಿಯುತ್ತಿದ್ದೇನೆ. ಭುಜದಲ್ಲಿ ಅರ್ಧ ಇಂಚು ಬಿಡಿಸಿಕೊಡಿ ಎಂದು ಬಂದವರಿಗೆ ಬಹುಪಾಲು ಸಂದರ್ಭಗಳಲ್ಲಿ ಆಗುವುದಿಲ್ಲ ಎಂದೇ ಹೇಳಿ ಕಳುಹಿಸಿದ್ದೇನೆ.

ನೀಲಿನೂಲು ಅವರೇ, ನಿಮ್ಮ ಲೆಕ್ಕದಂತೆ ಒಂದೊಂದು ಕಡೆಗೆ ಅರ್ಧ ಇಂಚು ಬೇಕು. ಸಿದ್ಧ ಉಡುಪುಗಳಲ್ಲಿ ತೋಳು ಕೂರುವ ಆರ್ಮ್‌ಹೋಲಿನ ಹೊಲಿಗೆಯ ಒಳಗೆ ಸಾಮಾನ್ಯವಾಗಿ ಅರ್ಧ ಇಂಚಿಗೂ ಕಡಿಮೆ ಮಾರ್ಜಿನ್ ಬಿಟ್ಟಿರುತ್ತಾರೆ. ಅದರಲ್ಲಿ ಹೊಸ ಹೊಲಿಗೆ ಹಿಡಿಯಲು ಕಾಲು ಇಂಚಾದರೂ ಉಳಿಸಿಕೊಳ್ಳಬೇಕು. ಹಾಗಾಗಿ ನಿಮಗೆ ಸಿಗುವುದು ಒಂದು ಕಡೆಗೆ ಇಂಚಿನ ಎಂಟನೇ ಒಂದು ಭಾಗ. ಇನ್ನೊಂದು ಅಡ್ಡಿಯೂ ಇದೆ. ಆರ್ಮ್‌ಹೋಲ್ ವಕ್ರವಾಗಿರುವುದರಿಂದ ಬಟ್ಟೆ ಸರಿಯಾಗಿ ತಿರುಗಲೆಂದು ಕೆಲವು ಕಡೆ ಮಾರ್ಜಿನ್ನಿಗೆ ಸಣ್ಣ ಕತ್ತರಿ ಗೀಟು ಹಾಕಿರುತ್ತಾರೆ. ಆ ಗೀಟು ಹಳೆಯ ಹೊಲಿಗೆಯ ಹತ್ತಿರದವರೆಗೆ ಬಂದಿದ್ದರೆ ಬಿಡಿಸಿದ ಕೂಡಲೇ ಅದು ಹೊರಗೆ ಕಾಣುತ್ತದೆ.

ಆದರೆ ಬಿಚ್ಚುವ ಮೊದಲು ನಿಜವಾಗಿ ಚಿಕ್ಕದಾಗಿರುವುದು ಭುಜವೋ, ಬೆನ್ನೋ, ತೋಳಿನ ಮೇಲ್ಭಾಗವೋ ಎಂಬುದು ಗೊತ್ತಾಗಬೇಕು. ಮೂರೂ ಒಂದೇ ರೀತಿ ಹಿಡಿದಂತೆ ಅನ್ನಿಸುತ್ತವೆ. ಒಳಗೆ ತೆಳು ಅಂಗಿ ಹಾಕಿಕೊಂಡು, ಜಾಕೆಟ್ಟಿನ ಗುಂಡಿ ಬಿಚ್ಚಿ, ಕೈಗಳನ್ನು ಸಹಜವಾಗಿ ಇಳಿಬಿಟ್ಟು ಕನ್ನಡಿಯ ಮುಂದೆ ನಿಲ್ಲಿ. ಭುಜದ ತುದಿಯ ಮೂಳೆಯನ್ನು ಬೆರಳಿನಿಂದ ಒತ್ತಿ ಹುಡುಕಿ, ತೋಳಿನ ಹೊಲಿಗೆ ಅದರ ಮೇಲಿದೆಯೋ ಕುತ್ತಿಗೆಯ ಕಡೆಗಿದೆಯೋ ನೋಡಿ. ಆ ಹೊಲಿಗೆಗಿಂತ ಎರಡು ಬೆರಳು ಕೆಳಗೆ ತೋಳಿನಲ್ಲಿ ಗುಳಿ ಬಿದ್ದಿದೆಯೇ ಎಂಬುದನ್ನೂ ಗಮನಿಸಿ. ಬೆನ್ನಿನ ಚಿತ್ರವನ್ನು ಮನೆಯವರಿಂದ ತೆಗೆಸಿ, ರೆಕ್ಕೆಮೂಳೆಗಳ ಮಟ್ಟದಲ್ಲಿ ಅಡ್ಡ ಗೆರೆಗಳು ಎಳೆದಂತಿವೆಯೇ ಎಂದು ನೋಡಿ. ಇಷ್ಟನ್ನು ತಿಳಿಸಿದರೆ ಮುಂದಿನ ಮಾತು ಹೇಳುತ್ತೇನೆ.

ಬಿಡುವಿನಹೊಲಿಗೆ

ನಾನು ವೃತ್ತಿಯವನಲ್ಲ, ಮನೆಯಲ್ಲೇ ಹೊಲಿಗೆ ಕಲಿತವನು. ನನ್ನ ಅಭಿಪ್ರಾಯದಲ್ಲಿ ಭುಜವನ್ನು ಮುಟ್ಟದೆಯೇ ಇದನ್ನು ಪರಿಹರಿಸಬಹುದು. ಭುಜದ ಪ್ಯಾಡ್‌ಗಳನ್ನು ತೆಗೆದುಬಿಟ್ಟರೆ ಸಾಕಷ್ಟು ಜಾಗ ಸಿಗುತ್ತದೆ. ಜೊತೆಗೆ ಕಂಕುಳಿನ ಕೆಳಗೆ ಆರ್ಮ್‌ಹೋಲನ್ನು ಅರ್ಧ ಇಂಚು ಆಳಕ್ಕೆ ಕತ್ತರಿಸಿದರೆ ಕೈ ಆಡಿಸಲು ಸಲೀಸಾಗುತ್ತದೆ.

ಹಳೆಕತ್ತರಿ

ಪ್ಯಾಡಿನ ವಿಷಯದಲ್ಲಿ ನೀವು ಹೇಳಿದ್ದು ಅರ್ಧ ಸರಿ. ಪ್ಯಾಡ್ ತೆಗೆದರೆ ಅಗಲ ಹೆಚ್ಚುವುದಿಲ್ಲ, ಎತ್ತರದಲ್ಲಿ ಸಡಿಲ ಸಿಗುತ್ತದೆ. ಅರ್ಧ ಇಂಚು ದಪ್ಪದ ಪ್ಯಾಡಿನ ಬದಲು ಕಾಲು ಇಂಚಿನದನ್ನು ಇಟ್ಟರೆ ಭುಜದ ಮೇಲಿನ ಒತ್ತಡ ಇಳಿದು ಆರ್ಮ್‌ಹೋಲಿನ ಸುತ್ತಳತೆಯಲ್ಲಿ ಸ್ವಲ್ಪ ಉಸಿರಾಟ ಬರುತ್ತದೆ. ಪೂರ್ತಿ ತೆಗೆದರೆ ಪ್ಯಾಡಿಗೆಂದು ಕತ್ತರಿಸಿದ ಬಟ್ಟೆ ಆಸರೆಯಿಲ್ಲದೆ ಕುಸಿದು, ಕುತ್ತಿಗೆಯ ಬುಡದಿಂದ ತೋಳಿನ ಕಡೆಗೆ ಓರೆ ಮಡಿಕೆಗಳು ಬೀಳುತ್ತವೆ. ಆದ್ದರಿಂದ ತೆಳುವಾದದ್ದಕ್ಕೆ ಬದಲಾಯಿಸಬಹುದು, ಖಾಲಿ ಬಿಡಬಾರದು.

ಕಂಕುಳು ಕತ್ತರಿಸುವ ಸಲಹೆಯನ್ನು ಮಾತ್ರ ದಯವಿಟ್ಟು ಯಾರೂ ಅನುಸರಿಸಬೇಡಿ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರ ಇದ್ದಷ್ಟೂ ಕೈ ಎತ್ತಿದಾಗ ತೋಳು ಮಾತ್ರ ಮೇಲೇಳುತ್ತದೆ, ಮೈ ತನ್ನ ಜಾಗದಲ್ಲೇ ನಿಲ್ಲುತ್ತದೆ. ಅದನ್ನು ಕೆಳಗಿಳಿಸಿದರೆ ಕೈ ಎತ್ತಿದ ಕೂಡಲೇ ಇಡೀ ಜಾಕೆಟ್ ಪಕ್ಕದಿಂದ ಮೇಲೆ ಬರುತ್ತದೆ, ಕಾಲರ್ ಕುತ್ತಿಗೆಯಿಂದ ಬಿಟ್ಟುಕೊಳ್ಳುತ್ತದೆ. ಹಾಕಿಕೊಂಡ ಕ್ಷಣದಲ್ಲಿ ಸಡಿಲವಾದಂತೆ ಅನ್ನಿಸಿ ಕೆಲಸ ಮಾಡಲು ಹೋದಾಗ ಮೊದಲಿಗಿಂತ ಹೆಚ್ಚು ಹಿಡಿಯುತ್ತದೆ. ಆರ್ಮ್‌ಹೋಲ್ ಕಂಕುಳನ್ನು ಕೊರೆದು ಕೆಂಪಾಗಿಸುತ್ತಿದ್ದರೆ ಮಾತ್ರ ಸ್ವಲ್ಪ ಇಳಿಸಬಹುದು. ಆಗಲೂ ತೋಳಿನ ಅಡಿಭಾಗವನ್ನು ಅದಕ್ಕೆ ತಕ್ಕಂತೆ ಹೊಂದಿಸಬೇಕು. ಕತ್ತರಿಸಿದ ಬಟ್ಟೆ ಮರಳಿ ಬರುವುದಿಲ್ಲ ಎಂಬುದೇ ನನ್ನ ಹೆದರಿಕೆ.

ಸಂಪಿಗೆಮರ

ತೋಳು ಉದ್ದ ಮಾಡಿಸಿದ ನನ್ನ ಅನುಭವವನ್ನು ಹೇಳುತ್ತೇನೆ, ನಿಮಗೆ ಎಚ್ಚರಿಕೆಯಾಗಲಿ. ಎರಡು ವರ್ಷ ಹಾಕಿದ್ದ ಬೂದು ಬಣ್ಣದ ಜಾಕೆಟ್ಟಿನ ತೋಳನ್ನು ಒಂದು ಇಂಚು ಇಳಿಸಲು ಒಬ್ಬ ಟೈಲರ್‌ಗೆ ಕೊಟ್ಟಿದ್ದೆ. ಉದ್ದವೇನೋ ಬಂದಿತು. ಆದರೆ ಮೊದಲಿನ ಅಂಚು ಇದ್ದ ಜಾಗದಲ್ಲಿ ಮಣಿಕಟ್ಟಿನ ಸುತ್ತ ಬಳೆಯಂತೆ ಒಂದು ಮಾಸಲು ಗೆರೆ ಉಳಿಯಿತು. ಆ ಗೆರೆಯ ಕೆಳಗಿನ ಬಟ್ಟೆ ಹೊಸದರಂತೆ ಗಾಢವಾಗಿತ್ತು, ಮೇಲಿನದು ಬಿಸಿಲಿಗೆ ಬಣ್ಣ ಬಿಟ್ಟಿತ್ತು. ಎಷ್ಟು ಇಸ್ತ್ರಿ ಮಾಡಿದರೂ ಅದು ಹೋಗಲಿಲ್ಲ.

ಇನ್ನೊಂದು ತಪ್ಪೂ ಆಗಿತ್ತು. ಹೊರಗಿನ ಬಟ್ಟೆಯನ್ನು ಇಳಿಸಿ ಲೈನಿಂಗನ್ನು ಇದ್ದ ಉದ್ದಕ್ಕೇ ಎಳೆದು ಹೊಲಿದಿದ್ದರು. ಕೈ ನೇರ ಮಾಡಿದಾಗಲೆಲ್ಲ ಲೈನಿಂಗ್ ಅಂಚನ್ನು ಒಳಗೆ ಸೆಳೆದುಕೊಂಡು ತೋಳಿನ ತುದಿ ಬಾಯಿ ಮುಚ್ಚಿದ ಚೀಲದಂತೆ ಸುರುಟಿಕೊಳ್ಳುತ್ತಿತ್ತು. ಇಷ್ಟು ದಿನ ಯಾರನ್ನೂ ಕೇಳಲು ಸಂಕೋಚವಾಗಿತ್ತು. ಅದನ್ನು ಈಗಲಾದರೂ ಸರಿಮಾಡಬಹುದೇ?

ಹಳೆಕತ್ತರಿ

ಸಂಪಿಗೆಮರ ಅವರೇ, ಲೈನಿಂಗಿನ ತಪ್ಪನ್ನು ಖಂಡಿತ ಸರಿಮಾಡಬಹುದು. ತೋಳಿನ ತುದಿಯಲ್ಲಿ ಲೈನಿಂಗ್ ಎಂದಿಗೂ ಬಿಗಿಯಾಗಿರಬಾರದು. ಒಳಗೆ ಒಂದು ಸಣ್ಣ ಮಡಿಕೆಯಾಗಿ ಅದು ಜೋಲುತ್ತಿರಬೇಕು. ಅಂಚಿನ ಹೊಲಿಗೆ ಬಿಚ್ಚಿ, ಅದೇ ಬಣ್ಣದ ಲೈನಿಂಗ್ ಬಟ್ಟೆಯ ಪಟ್ಟಿಯನ್ನು ಸೇರಿಸಿ ಮತ್ತೆ ಹೊಲಿದರೆ ಸುರುಟುವುದು ನಿಲ್ಲುತ್ತದೆ. ಆ ಪಟ್ಟಿ ಒಳಗಿರುವುದರಿಂದ ಯಾರಿಗೂ ಕಾಣುವುದಿಲ್ಲ. ಬಣ್ಣ ಮಾಸಿದ ಗೆರೆಗೆ ಮಾತ್ರ ಉಪಾಯವಿಲ್ಲ. ಮಡಿಕೆಯ ಗುರುತನ್ನು ಒದ್ದೆ ಬಟ್ಟೆ ಮತ್ತು ಆವಿಯಿಂದ ಉಣ್ಣೆಯಲ್ಲಿ ಎಬ್ಬಿಸಬಹುದು, ಬಿಸಿಲು ತೆಗೆದ ಬಣ್ಣವನ್ನು ತರಲಾಗುವುದಿಲ್ಲ. ಬಟ್ಟೆಯಲ್ಲಿ ಪಾಲಿಯೆಸ್ಟರ್ ಹೆಚ್ಚಿದ್ದರೆ ಶಾಖದಿಂದ ಕೂತ ಮಡಿಕೆಯೂ ಸುಲಭವಾಗಿ ಬಿಡುವುದಿಲ್ಲ. ನೀಲಿನೂಲು ಅವರ ಜಾಕೆಟ್ ಹೊಸದಾಗಿರುವುದರಿಂದ ಅವರಿಗೆ ಈ ತೊಂದರೆ ಬರಲಾರದು.

ನೀಲಿನೂಲು

ಗುರುಗಳೇ, ನೀವು ಹೇಳಿದಂತೆ ನೋಡಿದೆ. ಎಡಗಡೆ ತೋಳಿನ ಹೊಲಿಗೆ ಮೂಳೆಯ ತುದಿಗಿಂತ ಕಿರುಬೆರಳಿನ ಅರ್ಧ ಅಗಲದಷ್ಟು ಒಳಗಿದೆ. ಬಲಗಡೆ ಇನ್ನೂ ಸ್ವಲ್ಪ ಹೆಚ್ಚು ಒಳಗಿದೆ. ಎರಡೂ ತೋಳುಗಳಲ್ಲಿ ಹೊಲಿಗೆಯ ಕೆಳಗೆ ಗುಳಿ ಕಾಣುತ್ತದೆ, ಬಲಗಡೆಯದು ಹೆಬ್ಬೆರಳಿನಿಂದ ಒತ್ತಿದ ಹಾಗಿದೆ. ಕೈ ಇಳಿಬಿಟ್ಟಾಗ ಬೆನ್ನು ನಯವಾಗಿದೆ, ಆದರೆ ಎರಡೂ ಕೈಗಳನ್ನು ಮುಂದೆ ತಂದ ಕೂಡಲೇ ರೆಕ್ಕೆಮೂಳೆಗಳ ನಡುವೆ ಮೂರು ನಾಲ್ಕು ಅಡ್ಡ ಗೆರೆಗಳು ಬೀಳುತ್ತವೆ. ತೋಳಿನ ಮೇಲ್ಭಾಗದಲ್ಲಿ ಬಟ್ಟೆಯನ್ನು ಚಿವುಟಿ ಹಿಡಿಯಲು ಪ್ರಯತ್ನಿಸಿದರೆ ಬೆರಳಿಗೆ ಏನೂ ಸಿಗುವುದಿಲ್ಲ, ಅಷ್ಟು ಬಿಗಿಯಾಗಿದೆ. ತೋಳಿನ ತುದಿಯಲ್ಲಿ ನಾಲ್ಕು ಗುಂಡಿಗಳಿದ್ದು, ಕಾಜ ತೂತುಗಳು ನಿಜವಾದವಲ್ಲ, ಮೇಲೆ ಹೊಲಿಗೆಯ ಗುರುತು ಮಾತ್ರ ಇದೆ.

ಹಳೆಕತ್ತರಿ

ಬಹಳ ಚೆನ್ನಾಗಿ ನೋಡಿದ್ದೀರಿ. ಇದರಿಂದ ಅರ್ಧ ಚಿತ್ರ ಸ್ಪಷ್ಟವಾಯಿತು. ನಿಮ್ಮ ಭುಜ ನಿಜವಾಗಿಯೂ ಕಿರಿದಾಗಿದೆ, ಆದರೆ ಹಿಡಿತದ ದೊಡ್ಡ ಪಾಲು ತೋಳಿನ ಮೇಲ್ಭಾಗ ಮತ್ತು ಬೆನ್ನಿನಿಂದ ಬರುತ್ತಿದೆ. ಭುಜದ ಮೂಳೆಯ ಆಚೆಗಿನ ಸ್ನಾಯು ಹೊಲಿಗೆಯನ್ನು ದಾಟಿ ತೋಳಿನ ಬಟ್ಟೆಯನ್ನು ಹೊರಗೆ ತಳ್ಳುತ್ತದೆ. ಆಗ ಅದರ ಪಕ್ಕದಲ್ಲಿ ಗುಳಿ ಬೀಳುತ್ತದೆ. ತೋಳಿನಲ್ಲಿ ಜಾಗ ಸಿಕ್ಕರೆ ಗುಳಿ ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆಂದು ನಾನು ಮಾತು ಕೊಡಲಾರೆ.

ತೋಳಿನ ಉದ್ದದ ವಿಷಯದಲ್ಲಿ ಒಂದು ಮಾತು. ಭುಜ ಒಳಗೆ ಸರಿದಿರುವುದರಿಂದ ತೋಳೂ ಅಷ್ಟೇ ಮೇಲೆ ಎಳೆಯಲ್ಪಟ್ಟಿದೆ. ನಿಮಗೆ ಕಾಣುವ ಒಂದು ಇಂಚಿನ ಕೊರತೆಯಲ್ಲಿ ಸ್ವಲ್ಪ ಪಾಲು ಅದರದೇ. ಆದ್ದರಿಂದ ಮೊದಲು ಮೇಲಿನ ಕೆಲಸ ಮುಗಿಸಿ, ಹಾಕಿ ನೋಡಿ, ಆಮೇಲೆ ತೋಳಿನ ಅಂಚನ್ನು ಗುರುತಿಸಬೇಕು. ಅಂಚನ್ನು ಮೊದಲು ಇಳಿಸಿದರೆ ಕೊನೆಯಲ್ಲಿ ತೋಳು ಅಂಗೈ ಮೇಲೆ ಬರುವ ಸಾಧ್ಯತೆಯಿದೆ. ಕಾಜಗಳು ತೆರೆಯದವಾಗಿರುವುದು ನಿಮ್ಮ ಅದೃಷ್ಟ. ಗುಂಡಿಗಳನ್ನು ಬಿಚ್ಚಿ ಕೆಳಗೆ ಸರಿಸಬಹುದು. ಕಾಜಗಳನ್ನು ನಿಜವಾಗಿ ಕತ್ತರಿಸಿದ್ದಿದ್ದರೆ ಅಂಚು ಕೆಳಗೆ ಹೋಗಿ ಗುಂಡಿಗಳು ಮೇಲೆಯೇ ಉಳಿದು ವಿಕಾರವಾಗಿ ಕಾಣುತ್ತಿತ್ತು.

ಇನ್ನು ಒಳಗೆ ಎಷ್ಟು ಬಟ್ಟೆಯಿದೆ ಎಂಬುದನ್ನು ಕಣ್ಣಾರೆ ನೋಡಬೇಕು. ತೋಳನ್ನು ಒಳಹೊರಗು ಮಾಡಿ ಲೈನಿಂಗಿನ ಉದ್ದ ಹೊಲಿಗೆಯ ಮೇಲೆ ಬೆರಳಾಡಿಸಿ. ಹೆಚ್ಚಿನ ಸಿದ್ಧ ಜಾಕೆಟ್ಟುಗಳಲ್ಲಿ ಒಂದು ತೋಳಿನ ಲೈನಿಂಗಿನಲ್ಲಿ ಗೇಣಿನಷ್ಟು ಉದ್ದಕ್ಕೆ ಅಂಚನ್ನು ಅಂಚಿಗೆ ಕೂಡಿಸಿ ಮೇಲಿನಿಂದ ಯಂತ್ರದ ಹೊಲಿಗೆ ಹಾಕಿರುತ್ತಾರೆ. ಜಾಕೆಟ್ಟನ್ನು ತಿರುಗಿಸಿ ಹೊರತೆಗೆದ ಬಾಗಿಲು ಅದು. ನಿಮ್ಮ ಊರಿನ ಟೈಲರ್ ಅಲ್ಲಿ ಬಿಚ್ಚಿದರೆ ಕೈ ಹಾಕಿ ಎಲ್ಲ ಮಾರ್ಜಿನ್‌ಗಳನ್ನೂ ಅಳೆಯಬಹುದು, ಮುಚ್ಚಲು ಐದು ನಿಮಿಷ ಸಾಕು.

ಎರಡನೇಸೂಜಿ

ನಾನೂ ಇದೇ ವೃತ್ತಿಯಲ್ಲಿದ್ದೇನೆ, ಹೆಚ್ಚಾಗಿ ತಿದ್ದುಪಡಿಯ ಕೆಲಸವನ್ನೇ ಮಾಡುತ್ತೇನೆ. ಹಳೆಕತ್ತರಿಯವರು ಹೇಳಿದ ಬಹುಪಾಲನ್ನು ಒಪ್ಪುತ್ತೇನೆ. ಆದರೆ ಭುಜದಲ್ಲಿ ಸಿಗುವ ಎಂಟನೇ ಒಂದು ಭಾಗಕ್ಕಾಗಿ ತೋಳುಗಳನ್ನು ಬಿಚ್ಚುವುದೇ ಬೇಡ ಎನ್ನುವುದು ನನ್ನ ನಿಲುವು. ತೋಳಿನ ತಲೆಯನ್ನು ಕಾರ್ಖಾನೆಯಲ್ಲಿ ಆವಿ ಕೊಟ್ಟು ಆಕಾರಕ್ಕೆ ತಂದಿರುತ್ತಾರೆ. ತೋಳಿನ ತಲೆಯ ಸುತ್ತಳತೆ ಆರ್ಮ್‌ಹೋಲಿಗಿಂತ ಒಂದು ಇಂಚಿಗೂ ಹೆಚ್ಚಿದ್ದು, ಆ ಹೆಚ್ಚುವರಿಯನ್ನು ನೆರಿಗೆ ಕಾಣದಂತೆ ಹೊಲಿಗೆಯೊಳಗೆ ಕೂರಿಸಿರುತ್ತಾರೆ. ಬಿಚ್ಚಿ ಮತ್ತೆ ಕೂರಿಸುವಾಗ ಅದು ಒಂದು ಕಡೆಗೆ ಸರಿದರೆ ತೋಳು ತಿರುಚಿಕೊಂಡು ಮೊಣಕೈಯ ಮೇಲೆ ಸುರುಳಿ ಗೆರೆ ಬೀಳುತ್ತದೆ. ಇಂಥ ಜಾಕೆಟ್ಟುಗಳು ನನ್ನ ಬಳಿ ಎರಡನೆಯ ಸಲ ತಿದ್ದುಪಡಿಗೆಂದು ಬರುತ್ತವೆ.

ತೋಳಿನ ಬಿಗಿತಕ್ಕೆ ಇನ್ನೊಂದು ದಾರಿಯಿದೆ. ಜಾಕೆಟ್ಟಿನ ಕೆಳ ಅಂಚಿನ ಒಳಮಡಿಕೆಯಿಂದ ಒಂದು ಪಟ್ಟಿ ಕತ್ತರಿಸಿ ತೆಗೆದು, ಆ ಜಾಗಕ್ಕೆ ಬೇರೆ ಬಟ್ಟೆಯನ್ನು ಕೊಟ್ಟು, ಆ ಪಟ್ಟಿಯನ್ನು ತೋಳಿನ ಅಡಿಯ ಹೊಲಿಗೆಯಲ್ಲಿ ಕಂಕುಳಿನಿಂದ ಮೊಣಕೈವರೆಗೆ ಸೂಜಿಯ ಮೊನೆಯಂತೆ ಕಿರಿದಾಗಿಸುತ್ತ ಸೇರಿಸಬಹುದು. ಬಟ್ಟೆ ಅದೇ ಆಗಿರುವುದರಿಂದ ಕೈ ಇಳಿಬಿಟ್ಟಾಗ ಕಾಣುವುದಿಲ್ಲ.

ಹಳೆಕತ್ತರಿ

ಪಟ್ಟಿ ಸೇರಿಸುವುದು ಒಳ್ಳೆಯ ಉಪಾಯ, ನಾನೂ ಮಾಡಿದ್ದೇನೆ. ಆದರೆ ಪಟ್ಟಿ ಕಂಕುಳಿನವರೆಗೆ ಹೋದರೆ ತೋಳಿನ ಬಾಯಿ ಆರ್ಮ್‌ಹೋಲಿಗಿಂತ ದೊಡ್ಡದಾಗುತ್ತದೆ. ಆ ಹೆಚ್ಚುವರಿ ಎಲ್ಲಿಗೆ ಹೋಗಬೇಕು? ಒಂದೋ ಪಕ್ಕದ ಹೊಲಿಗೆಯನ್ನೂ ಬಿಡಿಸಿ ಆರ್ಮ್‌ಹೋಲನ್ನು ಅಷ್ಟೇ ಹೆಚ್ಚಿಸಬೇಕು, ಇಲ್ಲವೇ ಅಲ್ಲಿ ನೆರಿಗೆ ಬೀಳುತ್ತದೆ. ಹೇಗಿದ್ದರೂ ಕಂಕುಳಿನ ಕಡೆಯಲ್ಲಾದರೂ ತೋಳಿನ ಹೊಲಿಗೆಯನ್ನು ಬಿಚ್ಚಲೇಬೇಕಾಗುತ್ತದೆ. ಆದ್ದರಿಂದ ಮೊದಲು ತೋಳಿನ ಹಿಂದಿನ ಹೊಲಿಗೆಯಲ್ಲಿ ಎಷ್ಟಿದೆ ನೋಡೋಣ, ಅದು ಸಾಲದಿದ್ದರೆ ಪಟ್ಟಿಯ ಮಾತು.

ಎರಡನೇಸೂಜಿ

ಕಂಕುಳಿನ ಕಡೆ ಬಿಚ್ಚಬೇಕೆಂಬುದು ನಿಜ. ಅಡಿಭಾಗವನ್ನು ಬಿಚ್ಚುವುದಕ್ಕೂ ತೋಳಿನ ತಲೆಯನ್ನು ಬಿಚ್ಚುವುದಕ್ಕೂ ವ್ಯತ್ಯಾಸವಿದೆ ಎಂಬುದಷ್ಟೇ ನನ್ನ ಮಾತು. ಮೇಲಿನದನ್ನು ಮುಟ್ಟಬೇಡಿ.

ನೀಲಿನೂಲು

ಇಂದು ಟೈಲರ್ ಬಳಿ ಹೋಗಿದ್ದೆ. ಎಡತೋಳಿನ ಲೈನಿಂಗಿನಲ್ಲಿ ನೀವು ಹೇಳಿದ ಬಾಗಿಲು ಅದೇ ಜಾಗದಲ್ಲಿತ್ತು. ಅವರು ಬಿಚ್ಚಿ, ಇಡೀ ತೋಳನ್ನು ಆ ತೂತಿನಿಂದ ಹೊರಗೆಳೆದು ತೋರಿಸಿದರು. ತೋಳಿನ ಅಂಚು ಒಂದೂವರೆ ಇಂಚು ಒಳಕ್ಕೆ ಮಡಚಿದೆ. ತೋಳಿನ ಹಿಂದಿನ ಹೊಲಿಗೆಯಲ್ಲಿ ಒಂದೊಂದು ಬದಿಗೆ ಅರ್ಧ ಇಂಚು ಮಾರ್ಜಿನ್ ಇದೆ. ಬೆನ್ನಿನ ನಡುಹೊಲಿಗೆಯಲ್ಲಿ ಒಂದೊಂದು ಬದಿಗೆ ಮುಕ್ಕಾಲು ಇಂಚು ಇದೆ. ಆರ್ಮ್‌ಹೋಲಿನಲ್ಲಿ ಅರ್ಧ ಇಂಚಿಗೂ ಸ್ವಲ್ಪ ಕಡಿಮೆಯೇ, ಮುಂಭಾಗದಲ್ಲಿ ಎರಡು ಕತ್ತರಿ ಗೀಟುಗಳು ಹೊಲಿಗೆಯ ಸಮೀಪದವರೆಗೆ ಬಂದಿವೆ. ಪ್ಯಾಡ್ ಅರ್ಧ ಇಂಚು ದಪ್ಪವಿದೆ. ಅವರು ಭುಜವನ್ನು ಬಿಡಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಈಗ ಏನು ಮಾಡಿಸಲಿ?

ಹಳೆಕತ್ತರಿ

ಅವರು ಪ್ರಾಮಾಣಿಕರು, ಅವರಲ್ಲೇ ಮಾಡಿಸಿ. ಗೀಟುಗಳು ಅಷ್ಟು ಹತ್ತಿರ ಬಂದಿರುವಾಗ ಭುಜದ ಆಸೆಯನ್ನು ಬಿಡುವುದೇ ಸರಿ. ಈ ವಿಷಯದಲ್ಲಿ ಎರಡನೇಸೂಜಿಯವರ ಮಾತೇ ಗೆದ್ದಿತು.

ತೋಳಿನ ಹಿಂದಿನ ಹೊಲಿಗೆಯಲ್ಲಿ ಒಂದೊಂದು ಬದಿಯಿಂದ ಕಾಲು ಇಂಚು ಬಿಡಿಸಿದರೆ ತೋಳಿನ ಸುತ್ತಳತೆಗೆ ಅರ್ಧ ಇಂಚು ಸೇರುತ್ತದೆ. ಆ ಹೊಲಿಗೆಯ ಮೇಲ್ತುದಿಯಲ್ಲಿ, ಆರ್ಮ್‌ಹೋಲಿಗೆ ಒಂದೂವರೆ ಇಂಚು ಇರುವಾಗಲೇ, ಹಳೆಯ ಗೆರೆಗೆ ಮರಳಿ ಸೇರಿಸಲು ಹೇಳಿ. ಆಗ ತೋಳಿನ ತಲೆಯನ್ನು ಬಿಚ್ಚುವ ಪ್ರಮೇಯವೇ ಬರುವುದಿಲ್ಲ. ಲೈನಿಂಗನ್ನೂ ಅಷ್ಟೇ ಅಗಲ ಮಾಡಬೇಕು, ಇಲ್ಲದಿದ್ದರೆ ಹೊರಗೆ ಕೊಟ್ಟ ಜಾಗವನ್ನು ಒಳಗೆ ಕಿತ್ತುಕೊಂಡಂತಾಗುತ್ತದೆ. ಬೆನ್ನಿನ ನಡುಹೊಲಿಗೆಯನ್ನು ಕಾಲರಿನ ಕೆಳಗೆ ಶೂನ್ಯದಿಂದ ಆರಂಭಿಸಿ, ರೆಕ್ಕೆಮೂಳೆಯ ಮಟ್ಟಕ್ಕೆ ಬರುವಷ್ಟರಲ್ಲಿ ಒಂದೊಂದು ಬದಿಗೆ ಕಾಲು ಇಂಚಿಗಿಂತ ಸ್ವಲ್ಪ ಹೆಚ್ಚು ಬಿಡಿಸಿ, ಸೊಂಟದಲ್ಲಿ ಮತ್ತೆ ಹಳೆಯ ಗೆರೆಗೆ ತರಲಿ. ಕಾಲರಿನ ಬುಡದಲ್ಲೇ ಬಿಡಿಸಿದರೆ ಕತ್ತಿನ ಸುತ್ತಳತೆ ಹೆಚ್ಚಿ ಕಾಲರ್ ಎದ್ದು ನಿಲ್ಲುತ್ತದೆ. ಪ್ಯಾಡನ್ನು ಕಾಲು ಇಂಚಿನದಕ್ಕೆ ಬದಲಾಯಿಸಲಿ. ಇಷ್ಟನ್ನೂ ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿ ನಿಮಗೆ ತೊಡಿಸಿ ನೋಡಲಿ, ಯಂತ್ರದ ಹೊಲಿಗೆ ಆಮೇಲೆ. ಹಳೆಯ ಹೊಲಿಗೆಯ ತೂತುಗಳು ಆವಿ ಕೊಟ್ಟಾಗ ಮುಚ್ಚುತ್ತವೆಯೇ ಎಂಬುದನ್ನೂ ಆಗಲೇ ನೋಡಬಹುದು. ಉಣ್ಣೆಯಲ್ಲಿ ಸಾಮಾನ್ಯವಾಗಿ ಮುಚ್ಚುತ್ತವೆ.

ಬಿಡುವಿನಹೊಲಿಗೆ

ಕಂಕುಳು ಕತ್ತರಿಸುವ ಸಲಹೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ. ನನ್ನ ಹಳೆಯ ಕೋಟು ಕೈ ಎತ್ತಿದಾಗ ಏಕೆ ಪೂರ್ತಿ ಮೇಲೇಳುತ್ತದೆ ಎಂಬುದು ಇವತ್ತು ಅರ್ಥವಾಯಿತು.

ನೀಲಿನೂಲು

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಕಚ್ಚಾ ಹೊಲಿಗೆಯಲ್ಲಿ ತೊಟ್ಟು ನೋಡಿದಾಗಲೇ ಕೈ ಮುಂದೆ ಚಾಚಲು ಸಾಧ್ಯವಾಯಿತು, ಬೆನ್ನಿನ ಅಡ್ಡ ಗೆರೆಗಳಲ್ಲಿ ಒಂದು ಮಾತ್ರ ಉಳಿದಿತ್ತು. ಮೇಲಿನ ಕೆಲಸ ಮುಗಿದ ಮೇಲೆ ತೋಳನ್ನು ಅಳೆದರೆ ಕೊರತೆ ಒಂದು ಇಂಚಿನಿಂದ ಮುಕ್ಕಾಲಿಗೆ ಇಳಿದಿತ್ತು. ಹಾಗಾಗಿ ಅಂಚನ್ನು ಅಷ್ಟೇ ಇಳಿಸಿ, ಒಳಗೆ ಮುಕ್ಕಾಲು ಇಂಚಿನ ಮಡಿಕೆ ಉಳಿಸಿಕೊಂಡರು. ಲೈನಿಂಗಿಗೆ ಪಟ್ಟಿ ಸೇರಿಸಿದ್ದಾರೆ, ಗುಂಡಿಗಳನ್ನೂ ಕೆಳಗೆ ಸರಿಸಿದ್ದಾರೆ. ಹಳೆಯ ಕಾಜದ ಹೊಲಿಗೆಯ ತೂತುಗಳು ಹತ್ತಿರದಿಂದ ನೋಡಿದರೆ ಮಸುಕಾಗಿ ಕಾಣುತ್ತವೆ.

ಎಡಗಡೆಯ ಗುಳಿ ಮಾಯವಾಗಿದೆ. ಬಲಗಡೆಯದು ಕಡಿಮೆಯಾಗಿದೆ, ಹೋಗಿಲ್ಲ. ನನ್ನ ಬಲಭುಜ ಎಡಭುಜಕ್ಕಿಂತ ಸ್ವಲ್ಪ ತಗ್ಗಿದೆ ಎಂದು ಟೈಲರ್ ಹೇಳುತ್ತಾರೆ. ಅಲ್ಲಿ ಪ್ಯಾಡನ್ನು ದಪ್ಪ ಮಾಡಬೇಕೋ, ಹೀಗೆಯೇ ಬಿಡಬೇಕೋ ಎಂದು ಅವರಿಗೂ ಖಚಿತವಿಲ್ಲ.

ಎರಡನೇಸೂಜಿ

ತಗ್ಗಿದ ಕಡೆಗೆ ದಪ್ಪ ಪ್ಯಾಡ್ ಕೊಡುವುದು ರೂಢಿ. ಆದರೆ ನಿಮಗೆ ಅಲ್ಲಿಯೇ ಜಾಗ ಕಡಿಮೆ ಇರುವುದರಿಂದ ಮತ್ತೆ ಹಿಡಿಯಬಹುದು. ನಾನಾಗಿದ್ದರೆ ಬಿಟ್ಟುಬಿಡುತ್ತಿದ್ದೆ.

ಹಳೆಕತ್ತರಿ

ನಾನಾಗಿದ್ದರೆ ಪ್ಯಾಡಿನ ಹೊರತುದಿಗೆ ಮಾತ್ರ ಒಂದು ಪದರ ಹತ್ತಿಯ ಹಾಳೆಯನ್ನು ಕಚ್ಚಾ ಹೊಲಿಗೆಯಿಂದ ಹಿಡಿಸಿ, ಒಂದು ದಿನ ಹಾಕಿಕೊಂಡು ಓಡಾಡಿ ನೋಡಿ ಎನ್ನುತ್ತಿದ್ದೆ. ಹಿಡಿದರೆ ಎರಡು ನಿಮಿಷದಲ್ಲಿ ಕಿತ್ತು ತೆಗೆಯಬಹುದು.

ನೀಲಿನೂಲು

ಹಾಗೆಯೇ ಮಾಡಿಸುತ್ತೇನೆ. ಭಾನುವಾರ ಅಣ್ಣ ಬರುತ್ತಾನೆ, ಅದಕ್ಕೂ ಮೊದಲು ಒಂದು ದಿನ ಹಾಕಿಕೊಂಡು ನೋಡಿ ಇಲ್ಲಿ ತಿಳಿಸುತ್ತೇನೆ.